ಮೂರು ಡೋಸ್ ಆಯ್ತು ಸರಿ, ಟೈಟರ್ ನೋಡಿಸಿದ್ರಾ?

ಎಲ್ರಿಗೂ ನಮಸ್ಕಾರ. ಹೆಪಟೈಟಿಸ್ ಬಿ ಲಸಿಕೆ ತಗೊಂಡಿರೋರು ಕೈ ಎತ್ತಿ ಅಂದ್ರೆ ನೀವು ಹೆಚ್ಚುಕಮ್ಮಿ ಎಲ್ರೂ ಎತ್ತೀರ, ಆಮೇಲೆ ಟೈಟರ್, ಅಂದ್ರೆ ಲಸಿಕೆಯಿಂದ ರಕ್ತದಲ್ಲಿ ಆಂಟಿಬಾಡಿ ಎಷ್ಟು ಬಂದಿದೆ ಅನ್ನೋದನ್ನ ನೋಡಿಸಿದೋರು ಮಾತ್ರ ಅಂದ್ರೆ ಮುಕ್ಕಾಲು ಕೈ ಕೆಳಗೆ ಹೋಗ್ತವೆ. ಇವತ್ತಿನ ಮಾತು ಆ ಕೆಳಗೆ ಹೋದ ಕೈಗಳ ಬಗ್ಗೆನೇ.

ಒಬ್ಬರು ಸ್ಟಾಫ್ ನರ್ಸ್ ಇದಾರೆ ಅನ್ಕೊಳ್ಳಿ, ತೂಕ 50 ಕೆಜಿ. ಓದೋವಾಗಲೇ 0, 1, 6 ತಿಂಗಳ ಲೆಕ್ಕದಲ್ಲಿ ಮೂರೂ ಡೋಸ್ ಆಗಿದೆ, ಟೈಟರ್ ಮಾತ್ರ ಯಾರೂ ನೋಡಿಲ್ಲ. ಎಷ್ಟೋ ವರ್ಷ ಆದ್ಮೇಲೆ ಒಂದಿನ ರಕ್ತ ತೆಗೆದ ಸೂಜಿ ಬೆರಳಿಗೆ ಚುಚ್ಕೊಳ್ತು, ರೋಗಿ ನೋಡಿದ್ರೆ ಹೆಪಟೈಟಿಸ್ ಬಿ ಪಾಸಿಟಿವ್. ಲಸಿಕೆ ಇಲ್ದಿರೋರಿಗೆ ಇಂಥ ಪ್ರಿಕ್ ಆದ್ರೆ, ರೋಗಿ ರಕ್ತದಲ್ಲಿ ವೈರಸ್ ಜಾಸ್ತಿ ಇದ್ರೆ, ಸೋಂಕು ತಗಲೋ ಸಾಧ್ಯತೆ ನೂರಕ್ಕೆ 30ರವರೆಗೂ ಹೋಗತ್ತೆ. ಎಚ್‌ಐವಿಗೆ ಅದು 0.3 ಅಷ್ಟೆ. ಆದ್ರೂ ನಾವು ಹೆದರೋದು ಎಚ್‌ಐವಿಗೇ!

ಮೊದಲ ಕೆಲಸ ಸೋಪು ನೀರಲ್ಲಿ ತೊಳೆಯೋದು. ಹಿಂಡಬೇಡಿ, ಬ್ಲೀಚ್ ಹಾಕ್ಬೇಡಿ. ತಕ್ಷಣ ರಿಪೋರ್ಟ್ ಮಾಡಿ, ಇನ್ನೇನಾದ್ರೂ ಇಂಜೆಕ್ಷನ್ ಕೊಡೋಕೆ ಮುಂಚೆ ರಕ್ತ ಕೊಡಿ. ಇವರ ಟೈಟರ್ 4 ಬಂತು ಅನ್ಕೊಳ್ಳಿ, ಬೇಕಾಗಿರೋದು ಕನಿಷ್ಠ 10. ಈಗ ಸಿಕ್ಕಾಕೊಂಡ್ರು ನೋಡಿ. 4 ಅಂದ್ರೆ ಲಸಿಕೆ ಶುರುವಿಂದಲೂ ಕೆಲಸನೇ ಮಾಡಿಲ್ವಾ, ಇಲ್ಲ ಆಗ ನೂರಾರು ಇದ್ದದ್ದು ವರ್ಷ ಕಳೀತಾ ಇಳಿದಿದ್ಯಾ, ಈ ರಿಪೋರ್ಟ್ ನೋಡಿ ಹೇಳೋಕಾಗಲ್ಲ. ಇಳಿದಿರೋದಾದ್ರೆ ಭಯ ಇಲ್ಲ, ದೇಹಕ್ಕೆ ಆ ವೈರಸ್ ನೆನಪಿರತ್ತೆ, ಮತ್ತೆ ಬಂದ ಕೂಡಲೇ ಆಂಟಿಬಾಡಿ ಏರತ್ತೆ. ಅದಕ್ಕೇ ಮೂರನೇ ಡೋಸ್ ಆಗಿ 1-2 ತಿಂಗಳೊಳಗೆ ತೆಗೆದ ಟೈಟರ್ 10 ದಾಟಿತ್ತು ಅಂತ ಒಂದು ಚೀಟಿ ಕೈಯಲ್ಲಿದ್ರೆ, ಇವತ್ತು ಎಷ್ಟಿದ್ರೂ ಹೆಪಟೈಟಿಸ್ ಬಿಗೆ ಏನೂ ಮಾಡ್ಬೇಕಾಗಿರಲಿಲ್ಲ.

ಚೀಟಿ ಇಲ್ವಲ್ಲ, ಹಾಗಾಗಿ ಕೆಲಸ ಮಾಡಿಲ್ಲ ಅಂತಲೇ ಲೆಕ್ಕ. ರೆಡಿಮೇಡ್ ಆಂಟಿಬಾಡಿ ಇರೋ ಹೆಪಟೈಟಿಸ್ ಬಿ ಇಮ್ಯುನೋಗ್ಲೋಬುಲಿನ್ ಕೆಜಿಗೆ 0.06 ಎಂಎಲ್, ಅಂದ್ರೆ ಇವರಿಗೆ 3 ಎಂಎಲ್, ಆದಷ್ಟು 24 ಗಂಟೆಯೊಳಗೆ. ಜೊತೆಗೆ ಲಸಿಕೆ ಮತ್ತೆ ಮೊದಲಿಂದ ಶುರು, ಇನ್ನೊಂದು ಜಾಗದಲ್ಲಿ, ತೋಳಿಗೇ ಹಾಕ್ಬೇಕು, ಪೃಷ್ಠಕ್ಕೆ ಹಾಕಿದ್ರೆ ಸರಿಯಾಗಿ ಹತ್ತಲ್ಲ. ಇಲ್ಲಿ ಸುಮಾರು ಜನ ಎಡವೋದೇನಂದ್ರೆ ಇಮ್ಯುನೋಗ್ಲೋಬುಲಿನ್ ಕೊಟ್ಟು ಸ್ವಲ್ಪ ದಿನಕ್ಕೇ ಟೈಟರ್ ನೋಡಿ ಓಹೋ ಬಂತು ಅಂತ ಖುಷಿಪಡ್ತಾರೆ, ಅದು ಹೊರಗಿಂದ ಕೊಟ್ಟ ಆಂಟಿಬಾಡಿ ಕಣ್ರೀ, ನಿಮ್ಮದಲ್ಲ. ಸುಮಾರು 6 ತಿಂಗಳು ಕಾಯ್ಬೇಕು. ಆ 6 ತಿಂಗಳ ಹೊತ್ತಿಗೇ ಸೋಂಕು ತಗಲಿದ್ಯಾ ಅನ್ನೋ ಟೆಸ್ಟೂ ಮಾಡಿಸ್ಬೇಕು.

ಟಿಬಿಗೂ ಇದೇ ಕತೆ, ಆದ್ರೆ ಇಲ್ಲಿ ನಂಬ್ಕೊಳ್ಳೋಕೆ ಲಸಿಕೆ ಇಲ್ಲ. ಚಿಕ್ಕವರಿದ್ದಾಗ ಹಾಕಿದ ಬಿಸಿಜಿ ದೊಡ್ಡವರ ಶ್ವಾಸಕೋಶದ ಟಿಬಿಗೆ ಭರವಸೆ ಕೊಡಲ್ಲ. ಅದೇ ನರ್ಸ್ ವಾರ್ಡಲ್ಲಿ ನ್ಯುಮೋನಿಯಾ ಅಂತ ಮಲಗಿಸಿದ್ದ ರೋಗಿಗೆ ಕೆಲವು ದಿನ ಆದ್ಮೇಲೆ ಕಫದಲ್ಲಿ ಟಿಬಿ ಅಂತ ಗೊತ್ತಾಯ್ತು. ಇವರ ಸ್ಕಿನ್ ಟೆಸ್ಟ್ ಪಾಸಿಟಿವ್ ಬಂದ್ರೆ ಅದು ಈ ರೋಗಿಯಿಂದ ಬಂದದ್ದಾ, ಹಳೇದಾ, ಬಿಸಿಜಿಯದ್ದಾ? ಕೆಲಸಕ್ಕೆ ಸೇರಿದಾಗಿನ ರಿಸಲ್ಟ್ ಇಲ್ದೆ ಹೇಳೋಕಾಗಲ್ಲ. ಬಿಸಿಜಿ ಗೊಂದಲ ಬೇಡ ಅಂದ್ರೆ ಇಗ್ರಾ ಅನ್ನೋ ರಕ್ತದ ಟೆಸ್ಟ್ ಒಳ್ಳೇದು. ಮುಂಚೆ ನೆಗೆಟಿವ್ ಇದ್ದೋರು ಕೊನೇ ಸಂಪರ್ಕ ಆಗಿ 8-10 ವಾರಕ್ಕೆ ಇನ್ನೊಂದ್ಸಲ ಮಾಡಿಸ್ಬೇಕು, ಅದಕ್ಕೂ ಮುಂಚೆ ನೆಗೆಟಿವ್ ಬಂದ್ರೆ ಅದನ್ನ ನಂಬಂಗಿಲ್ಲ.

ಇನ್ನು ಮಾಸ್ಕ್. ಸರ್ಜಿಕಲ್ ಮಾಸ್ಕ್ ಕೆಮ್ಮೋ ರೋಗಿಗೆ, ಎನ್95 ನಿಮಗೆ, ಇದು ಉಲ್ಟಾ ಆಗಿರೋದು ನಾನು ಎಷ್ಟೋ ಕಡೆ ನೋಡಿದೀನಿ. ಸರ್ಜಿಕಲ್ ಮಾಸ್ಕ್ ಕೆಮ್ಮಿದ ಹನಿಗಳನ್ನ ಹೊರಡೋ ಜಾಗದಲ್ಲೇ ತಡಿಯತ್ತೆ, ಆದ್ರೆ ಗಾಳೀಲಿ ತೇಲೋ ಸಣ್ಣ ಕಣ ಅದರ ಪಕ್ಕದಿಂದ ನುಗ್ಗಿ ನಿಮ್ಮ ಮೂಗಿಗೆ ಬರತ್ತೆ. ಎನ್95 ಹಾಕ್ಕೊಂಡು ಎರಡೂ ಕೈ ಮುಚ್ಚಿ ಉಸಿರು ಬಿಡಿ, ಕಣ್ಣಿನ ಹತ್ರ ಗಾಳಿ ತಗಲಿದ್ರೆ ಸೀಲ್ ಇಲ್ಲ. ಗಡ್ಡ ಇದ್ರೆ ಸೀಲ್ ಆಗೋದೇ ಇಲ್ಲ, ಬೇಜಾರಾದ್ರೂ ಸರಿ ಹೇಳ್ಬಿಡ್ತೀನಿ.

ರೋಗಿ ಹೊರಟ ತಕ್ಷಣ ಆ ರೂಮಲ್ಲಿ ಮಾಸ್ಕ್ ತೆಗೀಬೇಡಿ. ಗಂಟೆಗೆ 6 ಸಲ ಗಾಳಿ ಬದಲಾಗೋ ರೂಮಾದ್ರೆ ನೂರರಲ್ಲಿ 99 ಕಣ ಹೋಗೋಕೆ 46 ನಿಮಿಷ ಬೇಕು, 12 ಸಲ ಆದ್ರೆ 23. ಕಿಟಕಿ ಮುಚ್ಚಿ ಬರೀ ಫ್ಯಾನ್ ಹಾಕಿದ್ರೆ ಅದೇ ಗಾಳಿ ಸುತ್ತತ್ತೆ ಅಷ್ಟೆ. ಕಫ ತೆಗೆಯೋದು ಬಯಲಲ್ಲಿ ಆದ್ರೆ ಈ ಲೆಕ್ಕವೇ ಬೇಡ.

ಸ್ಕಿನ್ ಟೆಸ್ಟೋ ಇಗ್ರಾನೋ ಪಾಸಿಟಿವ್ ಬಂತು ಅಂದ್ರೆ ಟಿಬಿ ಕಾಯಿಲೆ ಬಂತು ಅಂತಲ್ಲ. ಕೆಮ್ಮು, ಜ್ವರ, ತೂಕ ಇಳಿಯೋದು ಕೇಳಿ, ಎಕ್ಸ್‌ರೇ ನೋಡಿ, ಟಿಬಿ ಕಾಯಿಲೆ ಇಲ್ಲ ಅಂತ ಖಾತ್ರಿ ಆದ್ಮೇಲೇನೇ ಮುಂಜಾಗ್ರತೆ ಮಾತ್ರೆ ಶುರು ಮಾಡೋದು. ಕಾಯಿಲೆ ಇದ್ದೋರಿಗೆ ಒಂದೋ ಎರಡೋ ಔಷಧಿಯ ಆ ಕೋರ್ಸ್ ಕೊಟ್ರೆ ಕ್ರಿಮಿ ಔಷಧಿಗೆ ಬಗ್ಗದೇ ಇರೋದನ್ನ ನಾವೇ ಕಲಿಸಿಕೊಟ್ಟಂಗೆ. ಸರಿ, ಈಗ ನಿಮ್ಮ ಪ್ರಶ್ನೆ ಕೇಳಿ.