ದಿನಾ ಒಂದು ಚಮಚ ಚಕ್ಕೆ ಪುಡಿ ತಿನ್ನುತ್ತೀರಾ? ಮೊದಲು ಯಾವ ಚಕ್ಕೆ ಅಂತ ನೋಡಿ

[ಮೇಜಿನ ಮೇಲೆ ಪುಟ್ಟ ಡಿಜಿಟಲ್ ತಕ್ಕಡಿ, ಒಂದು ಬಟ್ಟಲು, ಟೀ ಚಮಚ]

ನಮಸ್ಕಾರ. ಈ ಟೀ ಚಮಚದ ತುಂಬಾ ಚಕ್ಕೆ ಪುಡಿ ತೆಗೆದುಕೊಂಡು, ಮೇಲಿನ ಗುಡ್ಡೆಯನ್ನು ಚಾಕುವಿನಿಂದ ಸವರಿ ಸಮ ಮಾಡಿದ್ದೇನೆ. ತೂಕ ನೋಡಿ. ಎರಡೂವರೆ ಗ್ರಾಂ ಆಸುಪಾಸು.

ಇಷ್ಟನ್ನು ಬೆಳಗ್ಗೆ ಖಾಲಿ ಹೊಟ್ಟೆಗೆ ಬಿಸಿ ನೀರಲ್ಲಿ ಕಲಸಿ ಕುಡಿಯುವವರು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ. ಕೆಲವರು ಶುಗರ್ ಕಡಿಮೆ ಆಗಲಿ ಅಂತ, ಕೆಲವರು ಹೊಟ್ಟೆ ಕರಗಲಿ ಅಂತ. ವಾಟ್ಸಾಪ್‌ನಲ್ಲಿ ಬಂದದ್ದು, ಪಕ್ಕದ ಮನೆಯವರು ಹೇಳಿದ್ದು. ಒಂದೆರಡು ದಿನ ಅಲ್ಲ, ತಿಂಗಳುಗಟ್ಟಲೆ ನಡೆಯುತ್ತದೆ.

ಪಲಾವ್‌ಗೆ ಹಾಕುವ ಚಕ್ಕೆಯ ಬಗ್ಗೆ ನನ್ನ ತಕರಾರಿಲ್ಲ. ಇವತ್ತಿನ ಮಾತೆಲ್ಲ ಈ ದಿನದ ಚಮಚದ ಬಗ್ಗೆ, ಅದು ಲಿವರ್‌ಗೆ ಏನು ಮಾಡಬಹುದು ಅನ್ನುವುದರ ಬಗ್ಗೆ.

[ಹತ್ತಿರದಿಂದ: ಎಡಗೈಯಲ್ಲಿ ಒಂದು ತೊಗಟೆ, ಬಲಗೈಯಲ್ಲಿ ಇನ್ನೊಂದು]

ಎಡಗಡೆ ಇರುವುದು ಕ್ಯಾಸಿಯಾ. ನಮ್ಮ ಬಹುತೇಕ ದಿನಸಿ ಅಂಗಡಿಗಳಲ್ಲಿ ಚಕ್ಕೆ ಅಂತ ಕೇಳಿದರೆ ಕೊಡುವುದು ಇದನ್ನೇ. ದಪ್ಪ ತೊಗಟೆ, ಕಡು ಕೆಂಪು ಮಿಶ್ರಿತ ಕಂದು ಬಣ್ಣ. ಒಂದೇ ಪದರ ಇದೆ. ಚಪ್ಪಟೆ ಚೂರಾಗಿರುತ್ತದೆ, ಇಲ್ಲವೇ ಎರಡೂ ಅಂಚು ಒಳಕ್ಕೆ ಸುರುಳಿ ಸುತ್ತಿಕೊಂಡಿರುತ್ತದೆ. ಬೆರಳಿನಿಂದ ಮುರಿಯೋಕೆ ನೋಡಿ, ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಚೀನಾ, ಇಂಡೋನೇಷ್ಯಾ, ವಿಯೆಟ್ನಾಂ ಕಡೆ ಬೆಳೆಯುವ ಬೇರೆ ಬೇರೆ ಮರಗಳ ತೊಗಟೆಯನ್ನು ಒಟ್ಟಾಗಿ ಕ್ಯಾಸಿಯಾ ಅಂತ ಕರೆಯುತ್ತಾರೆ.

ಬಲಗಡೆ ಇರುವುದು ಸಿಲೋನ್ ದಾಲ್ಚಿನ್ನಿ. ಇದರ ಮರ ಸಿನ್ನಮೋಮಮ್ ವೇರಮ್, ಮೂಲ ಶ್ರೀಲಂಕಾ. ತುದಿಯಲ್ಲಿ ನೋಡಿ, ಕಾಗದದಷ್ಟು ತೆಳು ಪದರಗಳು ಒಂದರೊಳಗೊಂದು ಸುತ್ತಿಕೊಂಡಿವೆ. ಮರದ ಹೊರಗಿನ ಒರಟು ಸಿಪ್ಪೆಯನ್ನು ಹೆರೆದು ತೆಗೆದು, ಒಳತೊಗಟೆಯನ್ನು ಮಾತ್ರ ಹೀಗೆ ಸುತ್ತುತ್ತಾರೆ. ಬಣ್ಣ ತಿಳಿಯಾಗಿದೆ. ಸ್ವಲ್ಪ ಒತ್ತಿದರೆ ಸಾಕು…

[ಪುಡಿಯಾಗುವ ಸದ್ದು]

ಕೈಯಲ್ಲೇ ಉದುರಿತು. ವಾಸನೆಯೂ ಮೆದು. ಸಿಲೋನ್ ಮೂಸಿದವರು "ಇದರಲ್ಲಿ ಖಾರವೇ ಇಲ್ಲವಲ್ಲ" ಅನ್ನುವುದುಂಟು. ಬಿರಿಯಾನಿಗೆ ಕ್ಯಾಸಿಯಾದ ಗಡಸು ಘಮವೇ ಚೆಂದ, ನನಗೂ ಅದೇ ಇಷ್ಟ.

ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ತನ್ನ ನಿಯಮಗಳಲ್ಲಿ ಇವೆರಡನ್ನೂ ಬೇರೆ ಬೇರೆ ಪದಾರ್ಥಗಳೆಂದೇ ಇಟ್ಟಿದೆ. ಆದರೆ ಅಂಗಡಿಯ ಡಬ್ಬದಲ್ಲಿ ಎರಡೂ ಒಂದೇ ಹೆಸರಿಗೆ ಹೋಗುತ್ತವೆ.

ರುಚಿಯ ವಿಷಯ ಬಿಡಿ. ಲಿವರ್‌ಗೆ ಸಂಬಂಧಪಟ್ಟ ವ್ಯತ್ಯಾಸ ಕೂಮರಿನ್ ಅನ್ನುವ ಒಂದು ವಸ್ತುವಿನದು. ಇದು ಗಿಡಗಳೇ ತಯಾರಿಸಿಕೊಳ್ಳುವ ಪರಿಮಳದ ವಸ್ತು. ಹೊಸದಾಗಿ ಕೊಯ್ದ ಹುಲ್ಲು ಒಣಗುವಾಗ ಒಂದು ಸಿಹಿ ವಾಸನೆ ಬರುತ್ತದಲ್ಲ, ಅದರಲ್ಲೂ ಇದರ ಪಾಲಿದೆ. ಒಂದು ಕಾಲದಲ್ಲಿ ವೆನಿಲ್ಲಾ ಥರದ ಪರಿಮಳಕ್ಕೆ ಇದನ್ನು ತಿಂಡಿಗಳಿಗೆ ಬೆರೆಸುತ್ತಿದ್ದರು. ಪ್ರಾಣಿಗಳ ಲಿವರ್‌ಗೆ ಪೆಟ್ಟು ಕೊಡುವುದು ಗೊತ್ತಾದ ಮೇಲೆ, 1954ರಲ್ಲಿ ಅಮೆರಿಕ ಹಾಗೆ ಬೆರೆಸುವುದನ್ನು ನಿಷೇಧಿಸಿತು. ಮಸಾಲೆಯಲ್ಲಿ ತಾನಾಗಿಯೇ ಇರುವುದಕ್ಕೆ ಆ ನಿಷೇಧ ಇಲ್ಲ.

ಸಿಲೋನ್‌ನಲ್ಲಿ ಕೂಮರಿನ್ ಇದ್ದೂ ಇಲ್ಲದಂತೆ, ಅಷ್ಟು ಕಡಿಮೆ. ಕ್ಯಾಸಿಯಾದಲ್ಲಿ ಜಾಸ್ತಿ. ಎಷ್ಟು ಜಾಸ್ತಿ ಅಂತ ಲೆಕ್ಕ ಹಾಕೋಣ.

[ಪರದೆಯ ಮೇಲೆ ಲೆಕ್ಕ, ಒಂದೊಂದೇ ಸಾಲು ಮೂಡಲಿ]

ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಇಎಫ್‌ಎಸ್‌ಎ ಒಂದು ಮಿತಿ ಹಾಕಿದೆ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.1 ಮಿಲಿಗ್ರಾಂ ಕೂಮರಿನ್. ಜೀವನಪೂರ್ತಿ ದಿನಾ ತಿಂದರೂ ತೊಂದರೆ ಆಗಬಾರದು ಅನ್ನುವ ಲೆಕ್ಕದಲ್ಲಿ ಹಾಕಿದ ಮಿತಿ ಇದು. ನಿಮ್ಮ ತೂಕ 60 ಕಿಲೋ ಅಂದುಕೊಳ್ಳಿ. ನಿಮಗೆ ದಿನಕ್ಕೆ 6 ಮಿಲಿಗ್ರಾಂ.

ಈಗ ಚಮಚಕ್ಕೆ ಬರೋಣ. ಕ್ಯಾಸಿಯಾ ಪುಡಿಯಲ್ಲಿ ಸರಾಸರಿ ಗ್ರಾಂಗೆ 3 ಮಿಲಿಗ್ರಾಂ ಕೂಮರಿನ್ ಇರುತ್ತದೆ ಅಂತ ಜರ್ಮನಿಯ ಅಪಾಯ ಅಂದಾಜು ಸಂಸ್ಥೆ ಬಿಎಫ್‌ಆರ್ ಲೆಕ್ಕ ಹಿಡಿದಿದೆ. ನಮ್ಮ ಚಮಚದಲ್ಲಿ ಎರಡೂವರೆ ಗ್ರಾಂ ಇತ್ತು. ಅಲ್ಲಿಗೆ ಏಳೂವರೆ ಮಿಲಿಗ್ರಾಂ ಆಯಿತು. ಒಂದೇ ಚಮಚಕ್ಕೆ ಮಿತಿ ದಾಟಿತು. ನಿಮ್ಮ ತೂಕ 45 ಕಿಲೋ ಆಗಿದ್ದರೆ ಮಿತಿ ನಾಲ್ಕೂವರೆ ಮಿಲಿಗ್ರಾಂ ಮಾತ್ರ. ಆಗ ಅರ್ಧ ಚಮಚದಿಂದ ಸ್ವಲ್ಪ ಮುಂದೆ ಹೋದರೆ ಮುಗಿಯಿತು.

ಇದೆಲ್ಲ ಸರಾಸರಿ. ವಿಯೆಟ್ನಾಂ ತೊಗಟೆಯಲ್ಲಿ ಇದರ ಎರಡು ಪಟ್ಟಿಗಿಂತ ಜಾಸ್ತಿ ಸಿಕ್ಕಿದ್ದೂ ಇದೆ. ಒಂದೇ ಮರದ ಬೇರೆ ಬೇರೆ ತೊಗಟೆಯಲ್ಲೂ ಪ್ರಮಾಣ ತುಂಬಾ ಹೆಚ್ಚು ಕಡಿಮೆ ಆಗುತ್ತದೆ. ಹಾಗಾಗಿ ನಿಮ್ಮ ಡಬ್ಬಿಯಲ್ಲಿರುವ ಪುಡಿಯಲ್ಲಿ ಎಷ್ಟಿದೆ ಅಂತ ಲ್ಯಾಬ್‌ಗೆ ಕಳಿಸದೆ ಯಾರೂ ಹೇಳಲಾರರು.

ಮಿತಿ ದಾಟಿದ ತಕ್ಷಣ ಲಿವರ್ ಕೆಟ್ಟಿತಾ? ಇಲ್ಲ. ಹೆದರಿಸುವ ವಿಡಿಯೋಗಳು ಎಡವುವುದು ಇಲ್ಲೇ. ನಾಯಿಗಳ ಮೇಲಿನ ಪ್ರಯೋಗದಲ್ಲಿ ಲಿವರ್‌ಗೆ ಏನೂ ಆಗದ ಪ್ರಮಾಣವನ್ನು ಹಿಡಿದು, ಅದನ್ನು ನೂರರಿಂದ ಭಾಗಿಸಿ ಈ ಮಿತಿ ಹಾಕಿದ್ದಾರೆ. ಒಂದೆರಡು ವಾರ ಮೂರು ಪಟ್ಟು ಹೋದರೂ ಆತಂಕ ಬೇಡ ಅಂತ ಅದೇ ಇಎಫ್‌ಎಸ್‌ಎ 2008ರಲ್ಲಿ ಹೇಳಿದೆ. ಹಬ್ಬದ ವಾರದಲ್ಲಿ ಸ್ವಲ್ಪ ಜಾಸ್ತಿ ತಿಂದರೆ ತಲೆ ಕೆಡಿಸಿಕೊಳ್ಳಬೇಡಿ.

ಹಾಗಾದರೆ ನೂರು ಪಟ್ಟು ಅಂತರ ಇದ್ದ ಮೇಲೆ ಚಿಂತೆ ಯಾಕೆ? ಯಾಕೆಂದರೆ ಎಲ್ಲರ ಲಿವರ್ ಇದನ್ನು ಒಂದೇ ಥರ ಸಂಭಾಳಿಸುವುದಿಲ್ಲ.

[ಲಿವರ್‌ನ ಚಿತ್ರ, ಅದರಿಂದ ಎರಡು ದಾರಿ]

ನಮ್ಮಲ್ಲಿ ಹೆಚ್ಚಿನವರ ಲಿವರ್‌ನಲ್ಲಿರುವ ಒಂದು ಕಿಣ್ವ ಕೂಮರಿನ್ ಅನ್ನು ನಿರುಪದ್ರವಿ ವಸ್ತುವಾಗಿ ಬದಲಾಯಿಸುತ್ತದೆ, ಅದು ಮೂತ್ರದಲ್ಲಿ ಹೋಗುತ್ತದೆ. ಇನ್ನೊಂದು ದಾರಿಯೂ ಇದೆ. ಆ ದಾರಿ ಹಿಡಿದರೆ ಲಿವರ್‌ನ ಜೀವಕೋಶಕ್ಕೆ ಪೆಟ್ಟು ಕೊಡುವ ವಸ್ತು ಹುಟ್ಟುತ್ತದೆ. ಮೊದಲ ದಾರಿಯ ಕಿಣ್ವ ಕೆಲವರಿಗೆ ಹುಟ್ಟಿನಿಂದಲೇ ಕಡಿಮೆ. ಆದರೆ ಪೆಟ್ಟು ತಿಂದವರೆಲ್ಲ ಅಂಥವರೇ ಅಂತಲೂ ಹೇಳುವ ಹಾಗಿಲ್ಲ. ಯಾರ ಲಿವರ್ ಸೂಕ್ಷ್ಮ ಅಂತ ಮೊದಲೇ ತಿಳಿಯುವ ಸಾಮಾನ್ಯ ಪರೀಕ್ಷೆ ನಮ್ಮ ಲ್ಯಾಬ್‌ಗಳಲ್ಲಿ ಇಲ್ಲ.

ಮನುಷ್ಯರ ವಿಷಯದಲ್ಲಿ ಇದು ಗೊತ್ತಾಗಿದ್ದು ಅಡುಗೆಯಿಂದ ಅಲ್ಲ, ಔಷಧಿಯಿಂದ. ಕೈಕಾಲು ಊತಕ್ಕೆ ಕೆಲವು ದೇಶಗಳಲ್ಲಿ ಕೂಮರಿನ್ ಮಾತ್ರೆ ಕೊಡುತ್ತಿದ್ದರು. ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ತೋಳು ಊದಿಕೊಂಡ 140 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದ ವರದಿ 1999ರಲ್ಲಿ ಬಂತು. ದಿನಕ್ಕೆ 400 ಮಿಲಿಗ್ರಾಂ ಕೊಟ್ಟಿದ್ದರು. ಊತ ಇಳಿಯಲಿಲ್ಲ. ಸುಮಾರು ಶೇಕಡಾ 6 ಮಂದಿಯ ರಕ್ತಪರೀಕ್ಷೆಯಲ್ಲಿ ಲಿವರ್‌ಗೆ ಪೆಟ್ಟು ಬಿದ್ದದ್ದು ಕಂಡಿತು. 400 ಮಿಲಿಗ್ರಾಂ ಅಂದರೆ ಚಕ್ಕೆ ಪುಡಿಯಲ್ಲಿ ಐವತ್ತು ಚಮಚದ ಮೇಲಾಯಿತು, ಯಾರೂ ತಿನ್ನುವುದಿಲ್ಲ. ಆದರೆ ಒಂದೇ ಪ್ರಮಾಣ ಕೊಟ್ಟರೂ ಕೆಲವರಿಗೆ ಮಾತ್ರ ಹೀಗಾಯಿತು ಅನ್ನುವುದನ್ನು ಗಮನಿಸಿ. ಔಷಧಿಯಾಗಿ ತೆಗೆದುಕೊಂಡ ಸೂಕ್ಷ್ಮ ಜನರಲ್ಲಿ ಇದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲೂ ಲಿವರ್ ಏರುಪೇರಾದ ದಾಖಲೆಗಳಿವೆ.

ಚಕ್ಕೆಯಿಂದಲೇ ಆದ ಪ್ರಕರಣ ಇದೆಯಾ? ಬೆರಳೆಣಿಕೆಯಷ್ಟು. ಒಂದು 2015ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಮೆರಿಕದ 73 ವರ್ಷದ ಮಹಿಳೆ ಕೊಲೆಸ್ಟ್ರಾಲ್‌ಗೆ ಸ್ಟಾಟಿನ್ ಮಾತ್ರೆ ನುಂಗುತ್ತಿದ್ದರು. ಅದರ ಜೊತೆಗೆ ಚಕ್ಕೆಯ ಸಪ್ಲಿಮೆಂಟ್ ಶುರು ಮಾಡಿದ ಸುಮಾರು ಒಂದು ವಾರಕ್ಕೆ ಹೊಟ್ಟೆನೋವು, ವಾಂತಿ, ಭೇದಿ ಅಂತ ಆಸ್ಪತ್ರೆಗೆ ಬಂದರು. ನೋಡಿದರೆ ಲಿವರ್‌ನ ಉರಿಯೂತ. ಎರಡನ್ನೂ ನಿಲ್ಲಿಸಿದರು, ಸರಿಹೋಯಿತು. ಆಮೇಲೆ ಸ್ಟಾಟಿನ್ ಒಂದನ್ನೇ ಮತ್ತೆ ಶುರು ಮಾಡಿದಾಗ ತೊಂದರೆ ಮರುಕಳಿಸಲಿಲ್ಲ. ಒಂದು ಪ್ರಕರಣದಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೆ ನಮ್ಮಲ್ಲಿ ದಿನಾ ಚಕ್ಕೆ ಪುಡಿ ತಿನ್ನುವವರು ಯಾರು? ಶುಗರ್ ಇರುವವರು. ಅವರಲ್ಲಿ ಎಷ್ಟೋ ಜನ ಸ್ಟಾಟಿನ್ ತೆಗೆದುಕೊಳ್ಳುತ್ತಾರೆ, ಎಷ್ಟೋ ಜನರಿಗೆ ಫ್ಯಾಟಿ ಲಿವರ್ ಇರುತ್ತದೆ. ನನಗೆ ಚಿಂತೆ ಇವರದ್ದೇ.

ಇಲ್ಲೊಂದು ತಪ್ಪು ಕಲ್ಪನೆ ಬಿಡಿಸಿಬಿಡುತ್ತೇನೆ. ಕೂಮರಿನ್ ಅಂದರೆ ರಕ್ತ ತೆಳು ಮಾಡುವ ವಾರ್ಫರಿನ್ ಅಂತ ಕೆಲವರು ಹೇಳುತ್ತಾರೆ. ಅಲ್ಲ. ವಾರ್ಫರಿನ್ ಇದೇ ರಾಸಾಯನಿಕ ಕುಟುಂಬದ್ದು, ಆದರೆ ಚಕ್ಕೆಯ ಕೂಮರಿನ್‌ಗೆ ಆ ಗುಣ ಇಲ್ಲ. ಹಾಗಂತ ವಾರ್ಫರಿನ್ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಯಾವ ಪುಡಿಯನ್ನೂ ದಿನಾ ತಿನ್ನಬೇಡಿ.

ಸರಿ, ಶುಗರ್ ಇಳಿಯುವುದಾದರೂ ನಿಜವಾ? 2003ರಲ್ಲಿ ಪಾಕಿಸ್ತಾನದ ಒಂದು ಅಧ್ಯಯನದಲ್ಲಿ 60 ಮಧುಮೇಹಿಗಳ ಪೈಕಿ ಅರ್ಧದಷ್ಟು ಜನರಿಗೆ 40 ದಿನ ಕ್ಯಾಸಿಯಾ ಕೊಟ್ಟರು, ಅವರ ಶುಗರ್ ಚೆನ್ನಾಗಿಯೇ ಇಳಿಯಿತು. ಈ ಸುದ್ದಿ ಇಷ್ಟು ಹಬ್ಬೋಕೆ ಅದೂ ಒಂದು ಕಾರಣ. ಆಮೇಲಿನ ಅಧ್ಯಯನಗಳ ಫಲಿತಾಂಶ ಒಂದಕ್ಕೊಂದು ತಾಳೆ ಆಗಲಿಲ್ಲ. ಎಲ್ಲವನ್ನೂ ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಸಂಸ್ಥೆ, ಮಧುಮೇಹಕ್ಕೆ ಇದನ್ನು ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ ಅಂತ 2012ರಲ್ಲಿ ಹೇಳಿತು. ಆಗುತ್ತದೋ ಇಲ್ಲವೋ ಗೊತ್ತಿಲ್ಲದ ಲಾಭಕ್ಕೆ ದಿನಾ ಮಿತಿ ದಾಟುವುದು ನನಗಂತೂ ಸರಿ ಕಾಣುವುದಿಲ್ಲ.

[ಮತ್ತೆ ಮೇಜಿನ ಹತ್ತಿರ: ಎರಡು ಬಟ್ಟಲಲ್ಲಿ ಎರಡು ಪುಡಿ]

ಇವೆರಡರಲ್ಲಿ ಸಿಲೋನ್ ಯಾವುದು, ಹೇಳಿ ನೋಡೋಣ. ಕಷ್ಟ ಅಲ್ವಾ? ತೊಗಟೆಯಾಗಿದ್ದಾಗ ಅಷ್ಟು ಸುಲಭವಾಗಿ ಗೊತ್ತಾಗುತ್ತಿದ್ದದ್ದು ಪುಡಿಯಾದ ಮೇಲೆ ಕಣ್ಣಿಗೆ ಸಿಗುವುದಿಲ್ಲ. ಬೆರಕೆ ಮಾಡಿದರಂತೂ ಕೇಳಲೇಬೇಡಿ. ಅದಕ್ಕೇ ನಾನು ಪುಡಿ ಕೊಳ್ಳುವುದಿಲ್ಲ. ಸುರುಳಿ ತಂದು, ಪದರ ನೋಡಿ, ಮನೆಯಲ್ಲೇ ಮಿಕ್ಸಿಗೆ ಹಾಕುತ್ತೇನೆ. ಸಿಲೋನ್ ಮೆದುವಾಗಿರುವುದರಿಂದ ಬೇಗ ನುಣ್ಣಗಾಗುತ್ತದೆ. ಬೆಲೆ ಕ್ಯಾಸಿಯಾಕ್ಕಿಂತ ಸಾಕಷ್ಟು ಜಾಸ್ತಿ. ಪುಡಿಗೆ "ಸಿಲೋನ್" ಚೀಟಿ ಅಂಟಿಸಿ ಅಗ್ಗಕ್ಕೆ ಮಾರುತ್ತಿದ್ದರೆ ಅನುಮಾನ ಪಡಿ. ಕ್ಯಾಪ್ಸೂಲ್ ಕೊಳ್ಳುವವರು ಡಬ್ಬದ ಮೇಲೆ ಯಾವ ಮರದ ತೊಗಟೆ ಅಂತ ಬರೆದಿದೆಯಾ ನೋಡಿ. ಬರೆದಿಲ್ಲ ಅಂದರೆ ಕ್ಯಾಸಿಯಾ ಅಂತಲೇ ಲೆಕ್ಕ ಹಿಡಿಯಿರಿ.

ಪಲಾವ್‌ಗೆ, ಸಾಗುವಿಗೆ, ಗರಂ ಮಸಾಲೆಗೆ ಕ್ಯಾಸಿಯಾವನ್ನೇ ಹಾಕಿ. ಒಂದು ಚೂರು ಚಕ್ಕೆ ನಾಲ್ಕು ಜನರಿಗೆ ಹಂಚಿಹೋಗುತ್ತದೆ, ತೊಗಟೆಯನ್ನು ತಟ್ಟೆಯ ಅಂಚಿಗೆ ಇಡುತ್ತೇವೆ. ಟೀಗೆ ಒಂದು ಚೂರು ಹಾಕಿ ಕುದಿಸಿದಾಗಲೂ ಕೂಮರಿನ್ ಸ್ವಲ್ಪ ನೀರಿಗೆ ಇಳಿಯುತ್ತದೆ, ಪುಡಿ ನುಂಗಿದಷ್ಟು ಅಲ್ಲ.

ಮಕ್ಕಳ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಿರಿ. 15 ಕಿಲೋ ತೂಕದ ಮಗುವಿಗೆ ಅದೇ ಲೆಕ್ಕ ಹಾಕಿದರೆ ದಿನಕ್ಕೆ ಅರ್ಧ ಗ್ರಾಂ ಕ್ಯಾಸಿಯಾ, ಅಂದರೆ ಟೀ ಚಮಚದ ಐದನೇ ಒಂದು ಪಾಲು. ಮಗುವಿನ ಓಟ್ಸ್‌ಗೋ ಹಾಲಿಗೋ ದಿನಾ ಉದುರಿಸುವ ಅಭ್ಯಾಸ ಇದ್ದರೆ ಸಿಲೋನ್‌ಗೆ ಬದಲಾಯಿಸಿ.

ಈಗಾಗಲೇ ತಿಂಗಳುಗಳಿಂದ ದಿನಾ ಚಮಚಗಟ್ಟಲೆ ತಿನ್ನುತ್ತಿದ್ದರೆ ನಿಲ್ಲಿಸಿ. ಶುಗರ್ ಮಾತ್ರೆ ಬಿಟ್ಟು ಇದನ್ನೇ ನಂಬಿಕೊಂಡಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಮುಂದಿನ ರಕ್ತಪರೀಕ್ಷೆಯಲ್ಲಿ ಎಲ್‌ಎಫ್‌ಟಿ, ಅಂದರೆ ಲಿವರ್ ಪರೀಕ್ಷೆ, ಸೇರಿಸೋಕೆ ಹೇಳಿ. ಅದರಲ್ಲಿ ಎಸ್‌ಜಿಪಿಟಿ ಅಂತ ಒಂದು ಸಾಲು ಬರುತ್ತದೆ, ಲಿವರ್ ಕೋಶಗಳಿಗೆ ಪೆಟ್ಟು ಬಿದ್ದರೆ ಅದು ಏರುತ್ತದೆ. ಮೈಮೇಲೆ ಯಾವ ಲಕ್ಷಣ ಕಾಣದಿದ್ದರೂ ಅಲ್ಲಿ ಗೊತ್ತಾಗುತ್ತದೆ. ಏರಿದ್ದರೂ, ಕೂಮರಿನ್ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಇಳಿಯುತ್ತದೆ. ಕಣ್ಣು ಹಳದಿ, ಮೂತ್ರ ಕಡುಬಣ್ಣ, ಊಟ ಸೇರದ ಸುಸ್ತು, ಇವು ಕಂಡರೆ ಮುಂದಿನ ಪರೀಕ್ಷೆಯವರೆಗೆ ಕಾಯಬೇಡಿ, ಅವತ್ತೇ ಹೋಗಿ. ಹೋದಾಗ ಚಕ್ಕೆ ಪುಡಿಯ ವಿಷಯ ನೀವಾಗಿಯೇ ಹೇಳಿ. "ಯಾವ ಮಾತ್ರೆ ತಗೋತೀರಾ" ಅಂತ ಡಾಕ್ಟರು ಕೇಳಿದಾಗ ಅಡುಗೆಮನೆಯ ಡಬ್ಬಿ ಯಾರಿಗೂ ನೆನಪಾಗುವುದಿಲ್ಲ.