ಲಾಕರ್ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ

ಕೇಳುಗರಿಗೆ ನಮಸ್ಕಾರ.

ಹಲವು ವರ್ಷ ಬ್ಯಾಂಕಿನ ಲಾಕರ್ ವಿಭಾಗದಲ್ಲಿ ಕೆಲಸ ಮಾಡಿದ ನಾನು, ಒಪ್ಪಂದ ಪತ್ರದ ಪ್ರತಿ ಹಾಳೆಗೂ ಸಹಿ ಹಾಕಿ ಒಂದು ಹಾಳೆಯನ್ನೂ ಓದದೆ ಎದ್ದು ಹೋದ ಗ್ರಾಹಕರನ್ನು ಬಹಳ ಮಂದಿ ಕಂಡಿದ್ದೇನೆ. ಒಡವೆ ಬ್ಯಾಂಕಿನಲ್ಲಿದೆ ಎಂದ ಮೇಲೆ ಅದರ ಪೂರ್ತಿ ಹೊಣೆ ಬ್ಯಾಂಕಿನದೇ ಎಂಬುದು ಅವರ ನಂಬಿಕೆಯಾಗಿತ್ತು. ಒಪ್ಪಂದ ಪತ್ರ ಹೇಳುವುದು ಬೇರೆ.

ಲಾಕರಿನೊಳಗೆ ಏನಿದೆ ಎಂಬುದು ಬ್ಯಾಂಕಿಗೆ ತಿಳಿದಿರುವುದಿಲ್ಲ, ತಿಳಿದುಕೊಳ್ಳುವ ಹಕ್ಕೂ ಅದಕ್ಕಿಲ್ಲ. ಆದ್ದರಿಂದ ನಷ್ಟವಾದಾಗ ಪರಿಹಾರವನ್ನು ಒಡವೆಯ ಬೆಲೆಯ ಮೇಲಲ್ಲ, ಬಾಡಿಗೆಯ ಮೇಲೆ ಲೆಕ್ಕ ಹಾಕುತ್ತಾರೆ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಹೊರಡಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ನಿಯಮದ ಪ್ರಕಾರ, ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ ಅಥವಾ ಬ್ಯಾಂಕಿನ ನೌಕರರ ವಂಚನೆಯಿಂದ ಲಾಕರಿನ ವಸ್ತುಗಳು ಹೋದರೆ, ಬ್ಯಾಂಕಿನ ಹೊಣೆ ಆಗ ಚಾಲ್ತಿಯಲ್ಲಿರುವ ವಾರ್ಷಿಕ ಬಾಡಿಗೆಯ ನೂರು ಪಟ್ಟು. ಹೊಣೆಯೇ ನಮಗಿಲ್ಲವೆಂದು ಬ್ಯಾಂಕುಗಳು ಕೈತೊಳೆದುಕೊಳ್ಳುವಂತಿಲ್ಲ ಎಂದು 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ನಂತರ ಬಂದ ನಿಯಮ ಇದು.

ಒಂದು ಲೆಕ್ಕ ನೋಡೋಣ. ವರ್ಷಕ್ಕೆ 3,000 ರೂಪಾಯಿ ಬಾಡಿಗೆಯ ಲಾಕರಿನಲ್ಲಿ ಒಬ್ಬ ತಾಯಿ 12 ಲಕ್ಷ ರೂಪಾಯಿ ಬೆಲೆಯ ಸರ, ಬಳೆ, ಡಾಬು ಇಟ್ಟಿದ್ದಾರೆನ್ನಿ. ಲಾಕರ್ ಒಡೆದು ಕಳ್ಳರು ಅಷ್ಟನ್ನೂ ಒಯ್ದರೆ ಬ್ಯಾಂಕಿನ ಹೊಣೆ 3 ಲಕ್ಷ ರೂಪಾಯಿ. ಉಳಿದ 9 ಲಕ್ಷ ಆಕೆಯ ನಷ್ಟವೇ. ಇನ್ನು ಭೂಕಂಪ, ಪ್ರವಾಹ, ಸಿಡಿಲಿನಂಥ ಪ್ರಕೃತಿ ವಿಕೋಪದಿಂದಾದ ಹಾನಿಗೂ, ಗ್ರಾಹಕರ ಸ್ವಂತ ತಪ್ಪಿನಿಂದಾದ ಹಾನಿಗೂ ಬ್ಯಾಂಕು ಹೊಣೆಯಲ್ಲ. ಅಂಥ ಅವಘಡಗಳಿಂದ ಕಟ್ಟಡವನ್ನು ಕಾಪಾಡಲು ತಕ್ಕ ಎಚ್ಚರ ವಹಿಸುವುದು ಮಾತ್ರ ಅದರ ಕರ್ತವ್ಯ. ಹೀಗಾಗಿ ಮಳೆಗಾಲದಲ್ಲಿ ನೀರು ನುಗ್ಗುವ ಬೀದಿಯ ನೆಲಮಾಳಿಗೆಯಲ್ಲಿ ಲಾಕರ್ ಕೋಣೆ ಇದ್ದರೆ, ಬೇರೊಂದು ಶಾಖೆಯನ್ನು ನೋಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಲಾಕರಿನ ವಸ್ತುಗಳಿಗೆ ಬ್ಯಾಂಕು ವಿಮೆ ಮಾಡಿಸುವುದೂ ಇಲ್ಲ, ಅಂಥ ವಿಮೆಯನ್ನು ಮಾರುವಂತೆಯೂ ಇಲ್ಲ. ಬೇಕಿದ್ದರೆ ನಾವೇ ವಿಮಾ ಕಂಪನಿಯಿಂದ ಮಾಡಿಸಿಕೊಳ್ಳಬೇಕು, ಅದಕ್ಕೆ ಒಡವೆಗಳ ತೂಕ, ರಸೀದಿ, ಫೋಟೋಗಳನ್ನು ಮನೆಯಲ್ಲಿ ಜೋಪಾನವಾಗಿಟ್ಟಿರಬೇಕು.

ಲಾಕರ್ ಕೊಡುವಾಗ ಬ್ಯಾಂಕು ಠೇವಣಿ ಕೇಳಬಹುದು. ಮೂರು ವರ್ಷದ ಬಾಡಿಗೆ ಹಾಗೂ ಅಗತ್ಯ ಬಿದ್ದರೆ ಲಾಕರ್ ಒಡೆಯಲು ತಗಲುವ ವೆಚ್ಚ, ಇಷ್ಟೇ ಅದರ ಅಳತೆ. ಸತತ ಮೂರು ವರ್ಷ ಬಾಡಿಗೆ ಬಾಕಿ ಉಳಿದರೆ, ನೋಟಿಸು ಕೊಟ್ಟು ಲಾಕರ್ ಒಡೆಯುವ ಅಧಿಕಾರ ಬ್ಯಾಂಕಿಗಿದೆ. ಬಾಡಿಗೆ ತಪ್ಪದೆ ಕಟ್ಟುತ್ತಿದ್ದರೂ, ಏಳು ವರ್ಷ ಲಾಕರ್ ತೆರೆಯದೆ, ಗ್ರಾಹಕರ ಪತ್ತೆಯೂ ಇಲ್ಲದಿದ್ದರೆ ಹೀಗೆಯೇ ಆಗಬಹುದು. ಮನೆ ಬದಲಿಸಿ ಹಳೆಯ ವಿಳಾಸವನ್ನೇ ಉಳಿಸಿಕೊಂಡ ಹಿರಿಯರು ಇದನ್ನು ಮುಖ್ಯವಾಗಿ ಗಮನಿಸಬೇಕು. ಸ್ಟಾಂಪ್ ಕಾಗದದ ಮೇಲಿನ ಒಪ್ಪಂದದ ಒಂದು ಪ್ರತಿಯನ್ನು, ಎರಡೂ ಕಡೆಯವರ ಸಹಿಯೊಂದಿಗೆ, ನಿಮಗೆ ಕೊಡಲೇಬೇಕು. ಕೇಳಿ ಪಡೆಯಿರಿ.

ಈಗ ನಾಮಿನಿಯ ವಿಚಾರ. ಪತಿ ಒಬ್ಬರ ಹೆಸರಿನಲ್ಲೇ ಇದ್ದ ಲಾಕರಿನ ಕೀಲಿಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದ ಒಬ್ಬ ಮಹಿಳೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದ್ದಾರೆ. ಕೀಲಿಕೈ ಇತ್ತು, ಮರಣ ಪ್ರಮಾಣಪತ್ರ ಇತ್ತು, ಆದರೆ ನಾಮಿನಿ ಕಾಲಂ ಖಾಲಿ. ವಾರಸುದಾರರೆಲ್ಲರ ದಾಖಲೆಗಳನ್ನು ಕೂಡಿಸುವವರೆಗೆ, ತನ್ನದೇ ಮಾಂಗಲ್ಯದ ಸರಕ್ಕಾಗಿ ಆಕೆ ತಿಂಗಳುಗಟ್ಟಲೆ ಓಡಾಡಬೇಕಾಯಿತು. ನಾಮಿನಿ ಇದ್ದಿದ್ದರೆ, ಮರಣ ಪ್ರಮಾಣಪತ್ರ ಮತ್ತು ಗುರುತಿನ ದಾಖಲೆ ನೋಡಿ, ಸಾಕ್ಷಿಗಳ ಎದುರು ಒಳಗಿನ ವಸ್ತುಗಳ ಪಟ್ಟಿ ಮಾಡಿ, ಅವುಗಳನ್ನು ಒಪ್ಪಿಸಿಬಿಡುತ್ತಿದ್ದೆವು.

ಆದರೆ ನಾಮಿನಿ ಎಂದರೆ ಒಡೆಯನಲ್ಲ. ತಾಯಿ ಹಿರಿಯ ಮಗನನ್ನು ನಾಮಿನಿ ಮಾಡಿದ್ದರೆ ಒಡವೆ ಅವನ ಕೈಗೆ ಬರುತ್ತದೆ ಅಷ್ಟೆ, ಉಯಿಲು ಇಲ್ಲದಿದ್ದಲ್ಲಿ ಅವನ ತಂಗಿಯ ಪಾಲು ಕಾನೂನಿನ ಪ್ರಕಾರ ತಂಗಿಗೆ ಸೇರಿದ್ದೇ. ಯಾರಿಗೆ ಯಾವ ಒಡವೆ ಎಂಬುದನ್ನು ಉಯಿಲಿನಲ್ಲೇ ಬರೆಯಬೇಕು. 2025ರ ನವೆಂಬರ್ 1ರಿಂದ ಲಾಕರಿಗೆ ನಾಲ್ವರವರೆಗೆ ನಾಮಿನಿ ಸೂಚಿಸಬಹುದು, ಆದರೆ ಒಬ್ಬರ ನಂತರ ಒಬ್ಬರಂತೆ. ಮೊದಲನೆಯವರು ಬದುಕಿಲ್ಲದಿದ್ದರೆ ಮಾತ್ರ ಎರಡನೆಯವರ ಸರದಿ. ನಾಮಿನಿ ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಪತ್ರ ಪಡೆದು, ಅದನ್ನು ಎಲ್ಲಿಟ್ಟಿದ್ದೀರೆಂದು ಆ ವ್ಯಕ್ತಿಗೆ ತಿಳಿಸಿರಿ.

ಕೊನೆಯದಾಗಿ ಒಂದು ಮಾತು. ಲಾಕರ್ ತೆರೆದ ದಿನವೇ ನಿಮ್ಮ ಮೊಬೈಲಿಗೆ ಸಂದೇಶ ಬರಬೇಕು. ನೀವು ಹೋಗದ ದಿನ ಅಂಥ ಸಂದೇಶ ಬಂದರೆ, ತಡಮಾಡದೆ ಶಾಖೆಗೆ ಲಿಖಿತ ದೂರು ಕೊಟ್ಟು, ಪೊಲೀಸರಿಗೂ ತಿಳಿಸಿ. ಲಾಕರ್ ಕೋಣೆಯ ಬಾಗಿಲಿನ ಕ್ಯಾಮೆರಾ ದಾಖಲೆಯನ್ನು ಬ್ಯಾಂಕು ಕನಿಷ್ಠ 180 ದಿನ ಇಡಬೇಕು. ದೂರು ದಾಖಲಾದರೆ, ಪೊಲೀಸ್ ತನಿಖೆ ಮುಗಿಯುವವರೆಗೂ ಅದನ್ನು ಅಳಿಸುವಂತಿಲ್ಲ.

ನಮಸ್ಕಾರ.