ಶುಕ್ರವಾರ ಹತ್ತಿದೆ, ಭಾನುವಾರ ಇಳಿದೆ: ಹೋಟೆಲ್‌ಗೆ ಬರೆದ ಒಂದು ಮೆಸೇಜ್

ಇದು ಲಾಸ್ ಏಂಜಲೀಸ್ ಏರ್‌ಪೋರ್ಟ್‌ನ ಟಾಮ್ ಬ್ರಾಡ್ಲಿ ಟರ್ಮಿನಲ್. ಜೂನ್ 14, ಶುಕ್ರವಾರ, ಸಂಜೆ 7 ಗಂಟೆ. ಈ ಕ್ಲಿಪ್‌ನಲ್ಲಿ ನನ್ನ ಮುಖ ನೋಡಿ, ಎಷ್ಟು ನಿಶ್ಚಿಂತೆ! ಕೈಯಲ್ಲಿ ಕಾಫಿ, ಬ್ಯಾಗ್‌ನಲ್ಲಿ ಅಕ್ಕನ ಮಗುವಿಗೆ ತಂದ ಬೆಳ್ಳಿ ಗಿಲಕಿ. ಸಿಡ್ನಿಯಲ್ಲಿ ಸೋಮವಾರ ನಾಮಕರಣ. ಅಕ್ಕನ ಮನೆ ಚಿಕ್ಕದು, ಅಲ್ಲಿ ಆಗಲೇ ಅಮ್ಮ ಅಪ್ಪ ಬಂದಿದ್ದಾರೆ. ಅದಕ್ಕೆ ನಾನು ಪ್ಯಾರಮಾಟಾದಲ್ಲಿ ಒಂದು ಹೋಟೆಲ್ ರೂಮ್ ಬುಕ್ ಮಾಡಿದ್ದೆ. 15ರಿಂದ 20ರವರೆಗೆ, ಐದು ರಾತ್ರಿ.

ಆಗ ಅಕ್ಕನ ವಾಯ್ಸ್ ಮೆಸೇಜ್ ಬಂತು. "ಭಾನುವಾರ ಬೆಳಗ್ಗೆ ತಿಂಡಿಗೆ ಅಕ್ಕಿ ರೊಟ್ಟಿ ಮಾಡ್ತಿದೀವಿ ಕಣೋ, ಇಳಿದವನೇ ಇಲ್ಲಿಗೆ ಬಂದ್ಬಿಡು."

ಭಾನುವಾರ ಯಾಕೆ? ಶನಿವಾರ ಅಲ್ವಾ ನಾನು ಬರೋದು? ಹಾಗಂತ ವಾಪಸ್ ಕಳಿಸಿದೆ. ಅವಳು ನನ್ನದೇ ಟಿಕೆಟ್‌ನ ಸ್ಕ್ರೀನ್‌ಶಾಟ್ ಕಳಿಸಿದಳು. ಇಳಿಯುವ ಸಮಯದ ಪಕ್ಕದಲ್ಲಿ ಒಂದು ಕೆಂಪು ಸುತ್ತು ಹಾಕಿದ್ದಳು. ಸುತ್ತಿನ ಒಳಗೆ, ಇರುವೆಯಷ್ಟು ದೊಡ್ಡ ಅಕ್ಷರದಲ್ಲಿ, +2 ಅಂತ ಇತ್ತು. ಹೊರಟ ತಾರೀಖಿಗೆ ಎರಡು ದಿನ ಸೇರಿಸಿಕೋ ಅಂತ ಅರ್ಥ. ಟಿಕೆಟ್ ತೆಗೆದು ಮೂರು ತಿಂಗಳಾಗಿತ್ತು, ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ನಾನು ಹಾಕಿದ್ದ ಲೆಕ್ಕ ಹೀಗಿತ್ತು. ರಾತ್ರಿ 10:30ಕ್ಕೆ ಹೊರಡುತ್ತೆ, 15 ಗಂಟೆ ಹಾರಾಟ, ಅಂದರೆ ಮರುದಿನ ಮಧ್ಯಾಹ್ನ 1:30. ಚೆಕ್-ಇನ್ 2 ಗಂಟೆಗೆ. ಆಹಾ, ಎಂಥಾ ಸರಿಯಾದ ಸಮಯ ಅಂತ ನನಗೆ ನಾನೇ ಶಹಬ್ಬಾಸ್ ಕೊಟ್ಟುಕೊಂಡಿದ್ದೆ! ಆ 1:30 ಲಾಸ್ ಏಂಜಲೀಸ್ ಗಡಿಯಾರದ್ದು. ಜೂನ್‌ನಲ್ಲಿ ಸಿಡ್ನಿ ನಮಗಿಂತ 17 ಗಂಟೆ ಮುಂದೆ ಇರುತ್ತೆ. ಪೆಸಿಫಿಕ್ ನಡುವೆ ದಿನಾಂಕ ರೇಖೆ ದಾಟುವಾಗ ಒಂದು ತಾರೀಖೇ ಕೈಜಾರಿ ಹೋಗುತ್ತೆ. ಹಾಗಾಗಿ ಇಳಿಯುವುದು ಭಾನುವಾರ, 16ನೇ ತಾರೀಖು, ಬೆಳಗ್ಗೆ 6:30ಕ್ಕೆ. ನನ್ನ ಪಾಲಿಗೆ ಶನಿವಾರ ಅನ್ನೋದು ಆಕಾಶದಲ್ಲೇ ಕರಗಿಹೋಗಬೇಕು.

ಒಂದು ರಾತ್ರಿ ತಾನೇ, ಹೋದರೆ ಹೋಗಲಿ ಅಂತ ನಿಮಗೆ ಅನ್ನಿಸಬಹುದು. ಗೊತ್ತಿರದಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ಆದರೆ ಕಾಲೇಜು ಮುಗಿದ ಮೇಲೆ ಎಂಟು ತಿಂಗಳು ಮೈಸೂರಿನ ಒಂದು ಹೋಟೆಲ್‌ನಲ್ಲಿ ನೈಟ್ ಡ್ಯೂಟಿ ಮಾಡಿದವನು ನಾನು. ಡೆಸ್ಕ್‌ನ ಆ ಕಡೆ ಏನು ನಡೆಯುತ್ತೆ ಅಂತ ಗೊತ್ತು.

ಹೋಟೆಲ್‌ನ ದಿನ ರಾತ್ರಿ 12ಕ್ಕೆ ಮುಗಿಯೋದಿಲ್ಲ. ನೈಟ್ ಆಡಿಟ್ ಅಂತ ಒಂದು ಕೆಲಸ ಇರುತ್ತೆ. ಸಾಮಾನ್ಯವಾಗಿ ರಾತ್ರಿ 2ರಿಂದ 4ರ ನಡುವೆ. ಅವತ್ತಿನ ಬಾಡಿಗೆಯನ್ನೆಲ್ಲ ಲೆಕ್ಕಕ್ಕೆ ಹಾಕಿ, ಕಂಪ್ಯೂಟರ್‌ನಲ್ಲಿ ತಾರೀಖನ್ನು ಮುಂದಕ್ಕೆ ತಳ್ಳುತ್ತಾರೆ. ಅಲ್ಲಿಯವರೆಗೆ ರಾತ್ರಿ 1:30ಕ್ಕೆ ಬಂದವರೂ ನೆನ್ನೆಯ ಅತಿಥಿಯೇ. ತಾರೀಖು ಮುಂದೆ ಹೋಗುವ ಮುಂಚೆ ಒಂದು ಪಟ್ಟಿ ಬರುತ್ತೆ: ಇವತ್ತು ಬರಬೇಕಿತ್ತು, ಬಂದಿಲ್ಲ. ಆ ಹೆಸರುಗಳಿಗೆ ನೋ-ಶೋ ಅಂತ ಬೀಳುತ್ತೆ. ನೋ-ಶೋ ಬಿದ್ದರೆ ಮೊದಲ ರಾತ್ರಿಯ ದುಡ್ಡು ಹೋಗುತ್ತೆ, ಅದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ತುಂಬಾ ಹೋಟೆಲ್‌ಗಳಲ್ಲಿ ಉಳಿದ ರಾತ್ರಿಗಳೂ ಅದರ ಜೊತೆಗೇ ರದ್ದಾಗುತ್ತವೆ. ರೂಮ್ ಮತ್ತೆ ಮಾರಾಟಕ್ಕೆ ಹೋಗುತ್ತೆ. ನಾನೇ ಹಾಗೆ ಎಷ್ಟೋ ಜನರ ಹೆಸರು ಹೊಡೆದು ಹಾಕಿದ್ದೀನಿ, ಪಾಪ.

ಈಗ ನನ್ನದೇ ಲೆಕ್ಕ ಮಾಡಿದೆ. ಟರ್ಮಿನಲ್‌ನಲ್ಲಿ ಶುಕ್ರವಾರ ಸಂಜೆ 7, ಸಿಡ್ನಿಯಲ್ಲಿ ಶನಿವಾರ ಮಧ್ಯಾಹ್ನ 12. ಅಂದರೆ ಇನ್ನು ಎರಡು ಗಂಟೆಯಲ್ಲಿ ಅವರು ನನಗಾಗಿ ಕಾಯೋಕೆ ಶುರು ಮಾಡುತ್ತಾರೆ! ಅವರ ರಾತ್ರಿ 2 ಗಂಟೆ ಹೊತ್ತಿಗೆ ನಾನು ಸಮುದ್ರದ ಮೇಲೆ ಇರುತ್ತೀನಿ, ಇಳಿಯೋಕೆ ಇನ್ನೂ ನಾಲ್ಕೂವರೆ ಗಂಟೆ ಇರುತ್ತೆ. ಏನು ಮಾಡಿದರೂ ಈಗಲೇ ಮಾಡಬೇಕು.

ಕೂತಲ್ಲೇ ಟೈಪ್ ಮಾಡಿದೆ. ಇಂಗ್ಲಿಷ್‌ನಲ್ಲಿ ಬರೆದದ್ದು, ನಿಮಗೆ ಕನ್ನಡದಲ್ಲಿ ಹೇಳ್ತೀನಿ. "ಕ್ಷಮಿಸಿ, ನನ್ನಿಂದ ತಪ್ಪಾಗಿದೆ, ನಾನು ನಾಳೆ ಬೆಳಗ್ಗೆ ಬರುತ್ತೇನೆ" ಅಂತ ಬರೆದು ನಿಲ್ಲಿಸಿದೆ. ನಾಳೆ ಅಂದರೆ ಯಾರ ನಾಳೆ? ನನ್ನ ನಾಳೆ ಶನಿವಾರ, ಅವರ ನಾಳೆ ಭಾನುವಾರ. ನಮ್ಮಜ್ಜಿ ಊರಲ್ಲಿ ದೆವ್ವ ಓಡಿಸೋಕೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರು, ಅದು ದಿನಾ ಓದಿಕೊಂಡು ವಾಪಸ್ ಹೋಗುತ್ತಿತ್ತಂತೆ. ನನ್ನ ಗತಿಯೂ ಅದೇ ಆಗೋದು ಬೇಡ ಅಂತ ಆ ಪದ ಅಳಿಸಿದೆ. "ನನ್ನ ಆಗಮನ ಜೂನ್ 16ರ ಬೆಳಗ್ಗೆಗೆ ಬದಲಾಗಿದೆ, ದಯವಿಟ್ಟು ಬುಕಿಂಗ್ ಹಾಗೇ ಇಟ್ಟಿರಿ" ಅಂತ ಬರೆದು, ಬುಕಿಂಗ್ ಆಪ್‌ನಲ್ಲೂ ಹಾಕಿದೆ, ಹೋಟೆಲ್‌ನ ಮೇಲ್‌ಗೂ ಕಳಿಸಿದೆ. ಆಪ್‌ನಿಂದ ತಕ್ಷಣ ಉತ್ತರ ಬಂತು, ನಿಮ್ಮ ಸಂದೇಶ ತಲುಪಿದೆ ಅಂತ. ಅದು ಮೆಷಿನ್ ಮಾತು, ಅದನ್ನು ನಂಬಿ ಕೂರೋ ಹಾಗಿಲ್ಲ.

ಇಪ್ಪತ್ತು ನಿಮಿಷಕ್ಕೆ ಹೋಟೆಲ್‌ನವರದ್ದೇ ಮೇಲ್ ಬಂತು. ತುಂಬಾ ಮರ್ಯಾದೆಯ ಮೇಲ್. "ನಿಮ್ಮ ಬುಕಿಂಗ್ ಸರಿಪಡಿಸಿದ್ದೇವೆ, ನಿಮ್ಮನ್ನು ಕಾಣಲು ಕಾಯುತ್ತಿದ್ದೇವೆ." ನಾನು ಫೋನ್ ಜೇಬಿಗೆ ಹಾಕಿ ಇನ್ನೊಂದು ಕಾಫಿಗೆ ಹೊರಟವನು, ಯಾಕೋ ಕೆಳಗಿನ ತನಕ ಓದಿದೆ. ಚೆಕ್-ಇನ್ ಜೂನ್ 16, ಮಧ್ಯಾಹ್ನ 2ರ ನಂತರ. ಚೆಕ್-ಔಟ್ ಜೂನ್ 20. ರಾತ್ರಿಗಳು: 4. ಮೊತ್ತ ಮಾತ್ರ ಐದು ರಾತ್ರಿಯದ್ದೇ. ನಾನು ತಗೊಂಡಿದ್ದು ದುಡ್ಡು ವಾಪಸ್ ಬಾರದ ರೇಟು, ನೋಡಿ.

ತಪ್ಪು ಅವರದ್ದಲ್ಲ. ನಾನು ಬರೆದ ವಾಕ್ಯಕ್ಕೆ ಎರಡು ಅರ್ಥ ಇತ್ತು. ಬುಕಿಂಗ್ ಇಟ್ಟಿರಿ ಅಂದರೆ, 15ರಿಂದಲೇ ರೂಮ್ ನನ್ನ ಹೆಸರಲ್ಲಿ ಇರಲಿ ಅಂತ ನನ್ನ ಮನಸ್ಸಲ್ಲಿತ್ತು. ಆಗಮನ ಬದಲಾಗಿದೆ ಅಂದಾಗ ಅವರು ತಾರೀಖನ್ನೇ 16ಕ್ಕೆ ಸರಿಸಿದರು. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ತಾರೀಖು ಸರಿಸಿದರೆ ನಾನು ಬೆಳಗ್ಗೆ 9ಕ್ಕೆ ಹೋಟೆಲ್ ತಲುಪಿ ಮಧ್ಯಾಹ್ನ 2ರವರೆಗೆ ಸೋಫಾ ಮೇಲೆ ತೂಕಡಿಸಬೇಕು. 15ರ ರಾತ್ರಿ ನನ್ನದೇ ಆಗಿದ್ದರೆ ರೂಮ್ ರೆಡಿ ಇರುತ್ತೆ, ಸೀದಾ ಹೋಗಿ ಸ್ನಾನ ಮಾಡಬಹುದು. ಹೇಗೂ ಹೋಗುವ ದುಡ್ಡು, ಅದಕ್ಕೊಂದು ಬಿಸಿನೀರಾದರೂ ಸಿಗಲಿ. ದುಡ್ಡು ವಾಪಸ್ ಬರುವ ರೇಟಾಗಿದ್ದು, ಗಡುವು ಇನ್ನೂ ಮೀರದೆ ಇದ್ದಿದ್ದರೆ ನಾನೂ ತಾರೀಖು ಸರಿಸಿ ಅಂತಲೇ ಕೇಳುತ್ತಿದ್ದೆನೇನೋ.

ಎರಡನೇ ಸಲ ಬರೆದದ್ದನ್ನು ಪೂರ್ತಿ ಓದ್ತೀನಿ, ಸ್ಕ್ರೀನ್ ಮೇಲೂ ಹಾಕಿದ್ದೀನಿ.

"ನಮಸ್ಕಾರ. ದಯವಿಟ್ಟು ನನ್ನ ಬುಕಿಂಗ್ ಅನ್ನು ಮೊದಲಿದ್ದ ತಾರೀಖಿಗೇ ವಾಪಸ್ ಮಾಡಿ: ಜೂನ್ 15 ಶನಿವಾರದಿಂದ ಜೂನ್ 20 ಗುರುವಾರ, 5 ರಾತ್ರಿ. ನನ್ನ ವಿಮಾನ ಜೂನ್ 16 ಭಾನುವಾರ ಬೆಳಗ್ಗೆ 6:30ಕ್ಕೆ ಸಿಡ್ನಿಯಲ್ಲಿ ಇಳಿಯುತ್ತದೆ, ಫ್ಲೈಟ್ ನಂಬರ್ ಕೆಳಗಿದೆ. ಹೋಟೆಲ್‌ಗೆ ಬೆಳಗ್ಗೆ 9ರ ಸುಮಾರಿಗೆ ಬರುತ್ತೇನೆ. 15ರ ರಾತ್ರಿ ರೂಮ್ ಖಾಲಿ ಇರುತ್ತದೆ, ಅದರ ಬಾಡಿಗೆ ನನ್ನದೇ. ಆ ರಾತ್ರಿ ನೋ-ಶೋ ಹಾಕಬೇಡಿ. ಬಂದ ಕೂಡಲೇ ರೂಮ್ ಬೇಕು. ಸಿಡ್ನಿ ಸಮಯ ಮಧ್ಯಾಹ್ನ 2:30ರೊಳಗೆ ಉತ್ತರ ಕೊಡಿ, ಆಮೇಲೆ 16 ಗಂಟೆ ನಾನು ಸಂಪರ್ಕಕ್ಕೆ ಸಿಗುವುದಿಲ್ಲ."

ಕೆಳಗೆ ಬುಕಿಂಗ್ ನಂಬರ್, ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಹೆಸರು. ತಿಂಗಳನ್ನು ಅಕ್ಷರದಲ್ಲೇ ಬರೆದೆ. ಅಮೆರಿಕದಲ್ಲಿದ್ದು ನನಗೆ ತಿಂಗಳು ಮೊದಲು ಬರೆದು ರೂಢಿ, ಆಸ್ಟ್ರೇಲಿಯಾದವರು ನಮ್ಮ ಊರಿನ ಹಾಗೆ ದಿನ ಮೊದಲು ಬರೆಯುತ್ತಾರೆ. ಜೊತೆಗೆ ವಾರದ ಹೆಸರು ಇದ್ದರೆ ಓದುವವರಿಗೆ ಅನುಮಾನವೇ ಬರೋದಿಲ್ಲ.

ಕಳಿಸಿ ಸುಮ್ನೆ ಕೂರಲಿಲ್ಲ, ಫೋನ್ ಕೂಡ ಮಾಡಿದೆ. ಡೆಸ್ಕ್‌ನಲ್ಲಿದ್ದ ಹೆಣ್ಣುಮಗಳು ಮೇಲ್ ತೆರೆದು ಓದಿ, "ಓ, ಹಿಂದಿನ ರಾತ್ರಿಗೆ ದುಡ್ಡು ಕಟ್ಟಿ ಬೆಳಗ್ಗೆ ಬರುವವರು ನೀವು" ಅಂದರು. ಅವರಿಗೆ ಇದು ಹೊಸದೇನಲ್ಲ. ಅಮೆರಿಕದಿಂದ ಬರುವ ಎಷ್ಟೋ ವಿಮಾನಗಳು ಅಲ್ಲಿ ಬೆಳಗ್ಗೆಯೇ ಇಳಿಯುತ್ತವೆ. ರಾತ್ರಿ ಡ್ಯೂಟಿಯವರಿಗೆ ಟಿಪ್ಪಣಿ ಹಾಕಿ, ರೂಮ್ ನಂಬರ್ ಈಗಲೇ ಕೊಟ್ಟು ಇಡುತ್ತೀನಿ ಅಂದರು. ಐದು ನಿಮಿಷಕ್ಕೆ ಹೊಸ ಮೇಲ್ ಬಂತು. ಈ ಸಲ ಮೊದಲು ಕೆಳಗಿನ ಸಾಲು ನೋಡಿದೆ. ಜೂನ್ 15, ಜೂನ್ 20, ರಾತ್ರಿಗಳು: 5. ಸ್ಕ್ರೀನ್‌ಶಾಟ್ ತೆಗೆದುಕೊಂಡು ವಿಮಾನ ಹತ್ತಿದೆ.

ವಿಮಾನದ ಒಳಗಿನ ಕ್ಲಿಪ್ ಹಾಕಲ್ಲ, ಬರೀ ಕತ್ತಲೆ ಮತ್ತು ನನ್ನ ಗೊರಕೆ.

ಸಿಡ್ನಿ. ಇಲ್ಲಿ ಜೂನ್ ಅಂದರೆ ಚಳಿಗಾಲ, ಬಾಯಿಂದ ಹೊಗೆ ಬರ್ತಿದೆ ನೋಡಿ. ಅಮ್ಮನಿಗೆ ಅಂತ ತಂದಿದ್ದ ಬಾದಾಮಿ ಪ್ಯಾಕೆಟ್ಟನ್ನು, ದೇಶದೊಳಗೆ ಬರುವವರು ತುಂಬಿ ಕೊಡುವ ಕಾರ್ಡ್‌ನಲ್ಲಿ ಡಿಕ್ಲೇರ್ ಮಾಡಿದೆ. ಈ ದೇಶದಲ್ಲಿ ತಿನ್ನುವ ವಸ್ತು ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಜೋರು. ಏರ್‌ಪೋರ್ಟ್ ರೈಲಲ್ಲಿ ಸೆಂಟ್ರಲ್, ಅಲ್ಲಿ ಬದಲಾಯಿಸಿ ಪ್ಯಾರಮಾಟಾ. ಹೋಟೆಲ್ ಬಾಗಿಲು ತಳ್ಳಿದಾಗ 9:10.

ಲಾಬಿಯಲ್ಲಿ ನನ್ನ ಜೊತೆ ರೈಲಲ್ಲಿ ಬಂದ ಒಂದು ಸಂಸಾರ ಕೂತಿತ್ತು. ಇಬ್ಬರು ಮಕ್ಕಳು ಸೂಟ್‌ಕೇಸ್ ಮೇಲೇ ನಿದ್ದೆ ಹೋಗಿದ್ದರು. ಅವರ ರೂಮ್ 16ರಿಂದ. ಖಾಲಿಯಾದ ಕೂಡಲೇ ಕೊಡುತ್ತೇವೆ ಅಂತ ಡೆಸ್ಕ್‌ನವರು ಹೇಳಿದ್ದರಂತೆ. ನನ್ನ ಹೆಸರು ಹೇಳಿದೆ. ಡೆಸ್ಕ್ ಹುಡುಗ ತಲೆ ಎತ್ತದೇ ಒಂದು ಲಕೋಟೆ ತೆಗೆದ. ಮೇಲೆ ನೀಲಿ ಪೆನ್ನಿನಲ್ಲಿ ನನ್ನ ಹೆಸರು, ಅದರ ಕೆಳಗೆ "15ರ ಅತಿಥಿ, 16 ಬೆಳಗ್ಗೆ ಬರುತ್ತಾರೆ" ಅಂತ ಇಂಗ್ಲಿಷ್‌ನಲ್ಲಿ ಎರಡು ಗೆರೆ ಎಳೆದು ಬರೆದಿತ್ತು. ಒಳಗೆ ಕೀ ಕಾರ್ಡ್. ಆ ಮಕ್ಕಳನ್ನು ನೋಡಿ ಲಿಫ್ಟ್ ಹತ್ತೋಕೆ ಸ್ವಲ್ಪ ಸಂಕೋಚ ಆಯ್ತು, ನಿಜ. ಆದರೂ ಹತ್ತಿದೆ.

ಸ್ನಾನ ಮಾಡಿ ಅಕ್ಕನ ಮನೆ ಸೇರಿದಾಗ ಹತ್ತೂವರೆ. ರೊಟ್ಟಿ ಆರಿತ್ತು, ಅಮ್ಮ ಮತ್ತೆ ಬಿಸಿ ಮಾಡಿದರು. ಅಕ್ಕ ಮಗುವನ್ನು ನನ್ನ ಕೈಗೆ ಕೊಟ್ಟು ಕೇಳಿದಳು. "ವಾಪಸ್ ಹೋಗೋವಾಗ್ಲಾದ್ರೂ ಸರಿಯಾಗಿ ನೋಡಿದೀಯೇನೋ? 20ನೇ ತಾರೀಖು ಬೆಳಗ್ಗೆ 10ಕ್ಕೆ ಹೊರಟ್ರೆ ಯಾವಾಗ ತಲುಪ್ತೀಯ?"

ಈ ಸಲ ಟಿಕೆಟ್ ಮೂರು ಸಲ ನೋಡಿದ್ದೆ.

"20ನೇ ತಾರೀಖೇ ಕಣೇ. ಬೆಳಗ್ಗೆ ಆರೂವರೆಗೆ. ಹೊರಡೋಕೆ ಮೂರೂವರೆ ಗಂಟೆ ಮುಂಚೆ."